ರಿಪೋರ್ಟಿನಲ್ಲಿರುವ ಕಲೆ ಸೂಜಿಯಿಂದ ಆದದ್ದಲ್ಲ

ಪ್ರಶ್ನೆ: ಡಾಕ್ಟರೇ, ನನ್ನ ತಮ್ಮನಿಗೆ 29 ವರ್ಷ. ಹೊಸ ಕೆಲಸಕ್ಕೆ ಸೇರುವಾಗ ಮಾಡಿಸಿದ ಟೆಸ್ಟಿನಲ್ಲಿ ಬಿಪಿ 150/100, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ ಅಂದರು. 24 ಗಂಟೆಯ ಮೂತ್ರದಲ್ಲಿ 2.1 ಗ್ರಾಂ ಇತ್ತು, ಕ್ರಿಯಾಟಿನಿನ್ 1.5. ಶುಗರ್ ಇಲ್ಲ, ಸ್ಕ್ಯಾನ್ ನಾರ್ಮಲ್. ಬಿಪಿಗೆ ಮಾತ್ರೆ ಕೊಟ್ಟು, ಅದು ಇಳಿದ ಮೇಲೆ ಬಯಾಪ್ಸಿ ಮಾಡಿದರು. ಅವತ್ತು ರಾತ್ರಿ ಮೂತ್ರ ಕೆಂಪಗೆ ಬಂತು, ಮರುದಿನ ಸರಿಹೋಯ್ತು. ಆಮೇಲೆ ರಾಮಿಪ್ರಿಲ್ ಮಾತ್ರೆ ಶುರು ಮಾಡಿದ್ದಾರೆ. ರಿಪೋರ್ಟಿನಲ್ಲಿ ಐಜಿಎ ನೆಫ್ರೋಪಥಿ, 14 ಗ್ಲೋಮೆರುಲಸ್‌ಗಳಲ್ಲಿ 3 ಪೂರ್ತಿ ಸ್ಕ್ಲಿರೋಸ್ ಆಗಿವೆ, M1 E0 S1 T1 C0 ಅಂತ ಬರೆದಿದೆ. ಎರಡು ವಾರ ಬಿಟ್ಟು ನೋಡಿದರೆ ಕ್ರಿಯಾಟಿನಿನ್ 1.7. ನಮ್ಮ ದೊಡ್ಡಪ್ಪ "ಚುಚ್ಚಿದ್ದಕ್ಕೇ ಕಿಡ್ನಿ ಕೆಟ್ಟಿತು, ಚೆನ್ನಾಗಿದ್ದ ಹುಡುಗನ್ನ ಹಾಳು ಮಾಡಿದ್ರಿ" ಅಂತಾರೆ. ಒಪ್ಪಿ ಸಹಿ ಹಾಕಿದವಳು ನಾನೇ. ಬಯಾಪ್ಸಿ ಕ್ಯಾನ್ಸರ್‌ಗೆ ಮಾಡೋದಲ್ವಾ? ಸ್ಕ್ಯಾನಲ್ಲೇ ಗೊತ್ತಾಗುತ್ತಿರಲಿಲ್ವಾ? ಈ ರಿಪೋರ್ಟ್ ಏನು ಹೇಳುತ್ತೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಆ 1.7 ಬಗ್ಗೆ ಹೇಳಿಬಿಡುತ್ತೇನೆ. ನೀವು ನಿದ್ದೆ ಕೆಡಿಸಿಕೊಂಡಿರುವುದು ಅದಕ್ಕೇ ಅನಿಸುತ್ತದೆ.

ನಿಮ್ಮ ತಮ್ಮನಿಗೆ ರಾಮಿಪ್ರಿಲ್ ಶುರುವಾಗಿದೆ. ಕಿಡ್ನಿಯೊಳಗೆ ರಕ್ತ ಸೋಸುವ ಪುಟ್ಟ ಗೊಂಚಲುಗಳಿವೆ. ರಿಪೋರ್ಟಿನಲ್ಲಿ ಗ್ಲೋಮೆರುಲಸ್ ಅಂದಿರುವುದು ಅವನ್ನೇ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಇರುತ್ತವೆ. ರಾಮಿಪ್ರಿಲ್ ಈ ಗೊಂಚಲುಗಳ ಒಳಗಿನ ಒತ್ತಡವನ್ನು ಇಳಿಸುತ್ತದೆ. ಒತ್ತಡ ಇಳಿದರೆ ಪ್ರೋಟೀನ್ ಸೋರುವುದು ಕಡಿಮೆಯಾಗುತ್ತದೆ. ಜೊತೆಗೆ ಸೋಸುವ ವೇಗವೂ ಸ್ವಲ್ಪ ತಗ್ಗುತ್ತದೆ, ಹಾಗಾಗಿ ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಸ್ವಲ್ಪ ಏರುತ್ತದೆ. ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಶೇಕಡಾ 30ರ ತನಕ ಏರಿದರೂ ನಾವು ಮಾತ್ರೆ ನಿಲ್ಲಿಸುವುದಿಲ್ಲ. 1.5 ಇದ್ದದ್ದು 1.7 ಆದರೆ ಅದು ಶೇಕಡಾ 13ರಷ್ಟು ಏರಿಕೆ. ಇದಕ್ಕೆ ಹೆದರಿ ಮಾತ್ರೆ ಬಿಟ್ಟರೆ ಅವನಿಗೆ ಈಗ ಸಿಗುತ್ತಿರುವ ದೊಡ್ಡ ರಕ್ಷಣೆಯನ್ನೇ ತೆಗೆದಂತಾಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಅಂತ ಮಾತ್ರ ನೋಡಿಸಿ. ಈ ಮಾತ್ರೆಯಿಂದ ಅದು ಏರಬಹುದು, ಏರಿದ್ದು ಹೊರಗೆ ಗೊತ್ತಾಗುವುದಿಲ್ಲ.

ಬಯಾಪ್ಸಿಯಿಂದಲೇ ಕ್ರಿಯಾಟಿನಿನ್ ಏರುವುದು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹಾಗಾದಾಗ ಅದು ಸದ್ದಿಲ್ಲದೆ ಆಗುವುದಿಲ್ಲ. ಕಿಡ್ನಿಯ ಸುತ್ತ ಜಾಸ್ತಿ ರಕ್ತ ಸೇರಿ ಅದನ್ನು ಹಿಂಡಬೇಕು, ಇಲ್ಲವೇ ರಕ್ತದ ಗಡ್ಡೆ ಮೂತ್ರದ ದಾರಿ ಕಟ್ಟಬೇಕು. ಆಗ ಪಕ್ಕೆಯಲ್ಲಿ ಜೋರು ನೋವು ಇರುತ್ತದೆ, ಹಿಮೋಗ್ಲೋಬಿನ್ ಇಳಿದಿರುತ್ತದೆ ಅಥವಾ ಬಿಪಿ ಇದ್ದಕ್ಕಿದ್ದಂತೆ ಏರಿರುತ್ತದೆ. ಸ್ಕ್ಯಾನ್ ಮಾಡಿದರೆ ಸೇರಿದ ರಕ್ತ ಕಣ್ಣಿಗೇ ಬೀಳುತ್ತದೆ. ನಿಮ್ಮ ತಮ್ಮನಿಗೆ ಇವು ಯಾವುವೂ ಆದ ಹಾಗೆ ನೀವು ಬರೆದಿಲ್ಲ. ಇಷ್ಟಾದರೂ ಮನಸ್ಸಿಗೆ ಸಮಾಧಾನ ಆಗದಿದ್ದರೆ ಒಂದು ಅಲ್ಟ್ರಾಸೌಂಡ್ ಮಾಡಿಸಿ. ಅದರಲ್ಲಿ ತಪ್ಪೇನೂ ಇಲ್ಲ.

ಇನ್ನು ಸ್ಕ್ಲಿರೋಸ್ ಆದ ಆ ಮೂರು ಗೊಂಚಲುಗಳು. ಬಯಾಪ್ಸಿ ಸೂಜಿ ಒಳಗೆ ಹೋಗಿ ಚೂರನ್ನು ಕತ್ತರಿಸುವುದಕ್ಕೆ ಒಂದು ಸೆಕೆಂಡೂ ಬೇಡ. ಕೆಲವೇ ನಿಮಿಷಗಳಲ್ಲಿ ಆ ಚೂರು ಔಷಧದ ಬಾಟಲಿಯೊಳಗೆ ಇರುತ್ತದೆ. ಒಂದು ಗೊಂಚಲು ಪೂರ್ತಿ ಗಟ್ಟಿಯಾಗಿ, ಕಲೆಯಾಗಿ ಮಾರ್ಪಡಲು ತಿಂಗಳುಗಳು, ಹಲವು ಸಲ ವರ್ಷಗಳೇ ಬೇಕು. ಸೂಜಿ ತಾಗಿದ ಕ್ಷಣದಲ್ಲೇ ದೇಹದಿಂದ ಹೊರಬಂದ ಚೂರಿನಲ್ಲಿ ಸೂಜಿಯಿಂದಾದ ಕಲೆ ಇರಲು ಸಾಧ್ಯವೇ ಇಲ್ಲ. ಆ ಕಲೆಗಳು ಅಲ್ಲಿ ಮೊದಲೇ ಇದ್ದವು. 1.5 ಕ್ರಿಯಾಟಿನಿನ್ ಬಂದದ್ದೂ ಅದಕ್ಕೇ. 29 ವರ್ಷದ ಗಂಡಸಿಗೆ 1.5 ಅಂದರೆ ಕಿಡ್ನಿಯ ಕೆಲಸ ಶೇಕಡಾ 60ರ ಆಸುಪಾಸಿಗೆ ಇಳಿದಿದೆ ಅಂತ ಅರ್ಥ. ದೊಡ್ಡಪ್ಪನವರಿಗೆ ಹುಡುಗ ಚೆನ್ನಾಗಿದ್ದ ಹಾಗೆ ಕಂಡಿರುತ್ತಾನೆ, ಅದು ಅವರ ತಪ್ಪಲ್ಲ. ಈ ಕಾಯಿಲೆ ನೋವು ಕೊಡುವುದಿಲ್ಲ, ಎಷ್ಟೋ ಜನಕ್ಕೆ ಕಾಲು ಬಾವು ಕೂಡ ಬರುವುದಿಲ್ಲ. ಕೆಲಸದ ಟೆಸ್ಟಿನಲ್ಲಿ ಸಿಕ್ಕಿತಲ್ಲ, ಹೆಚ್ಚಿನವರಿಗೆ ಗೊತ್ತಾಗುವುದೂ ಹೀಗೆಯೇ.

ಕ್ಯಾನ್ಸರ್ ಪ್ರಶ್ನೆಗೆ ಬರೋಣ. ಬಯಾಪ್ಸಿ ಅಂದರೆ ದೇಹದ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಷ್ಟೇ. ಕಿಡ್ನಿ ಡಾಕ್ಟರು ಮಾಡಿಸುವ ಬಯಾಪ್ಸಿಗಳಲ್ಲಿ ಬಹುಪಾಲು ಕ್ಯಾನ್ಸರ್‌ಗೆ ಸಂಬಂಧಪಟ್ಟವೇ ಅಲ್ಲ. ಗೊಂಚಲುಗಳಲ್ಲಿ ಏನಾಗಿದೆ ಅಂತ ತಿಳಿಯುವುದಕ್ಕೆ ಅವನ್ನು ಮಾಡುತ್ತೇವೆ.

ಸ್ಕ್ಯಾನ್ ಯಾಕೆ ಸಾಲದು ಅಂದರೆ, ಒಂದು ಗೊಂಚಲು ಸುಮಾರು 0.2 ಮಿಲಿಮೀಟರ್ ಅಗಲ ಇರುತ್ತದೆ. ಅಲ್ಟ್ರಾಸೌಂಡಿಗೆ ಕಾಣುವುದು ಕಿಡ್ನಿಯ ಗಾತ್ರ, ಕಲ್ಲು, ನೀರು ಕಟ್ಟಿಕೊಂಡಿರುವುದು, ಗಡ್ಡೆ. ಗೊಂಚಲಿನೊಳಗಿನ ಕಾಯಿಲೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ತಮ್ಮನ ಸ್ಕ್ಯಾನ್ ನಾರ್ಮಲ್ ಬಂದದ್ದು ಒಂದು ವಿಷಯವನ್ನು ಹೇಳಿತು. ಕಿಡ್ನಿ ಇನ್ನೂ ಕುಗ್ಗಿಲ್ಲ, ಬಯಾಪ್ಸಿ ಮಾಡಿದರೆ ಉಪಯೋಗವಿದೆ ಅಂತ. ಎರಡೂ ಕಿಡ್ನಿ ಸಣ್ಣಗೆ ಕುಗ್ಗಿ ಹೋಗಿದ್ದರೆ ನಾವು ಸೂಜಿ ಹಾಕುವುದಿಲ್ಲ. ಆಗ ಸಿಗುವುದು ಬರೀ ಕಲೆ. ರಕ್ತ ಸೋರುವ ಅಪಾಯವೂ ಜಾಸ್ತಿ.

2 ಗ್ರಾಂ ಪ್ರೋಟೀನ್, ಏರಿದ ಬಿಪಿ, 1.5 ಕ್ರಿಯಾಟಿನಿನ್. ಈ ಮೂರೂ ಸೇರಿ ನನ್ನ ಮುಂದೆ ಬಂದರೆ ನನ್ನ ತಲೆಯಲ್ಲಿ ನಾಲ್ಕೈದು ಕಾಯಿಲೆಗಳ ಹೆಸರು ಬರುತ್ತವೆ. ಐಜಿಎ ಅನ್ನುವ ಪ್ರತಿಕಾಯ ಗೊಂಚಲುಗಳಲ್ಲಿ ಕೂತು ಕೆಡಿಸುವ ಐಜಿಎ ನೆಫ್ರೋಪಥಿ ಇರಬಹುದು. ಗೊಂಚಲಿನ ಸೋಸುವ ಪದರ ದಪ್ಪಗಾಗುವ ಮೆಂಬ್ರೇನಸ್ ಕಾಯಿಲೆ ಇರಬಹುದು. ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೇ ತಿರುಗಿಬೀಳುವ ಲೂಪಸ್ ಇರಬಹುದು, ಗಂಡಸರಲ್ಲಿ ಕಡಿಮೆ ಆದರೂ ಇಲ್ಲದೇ ಇಲ್ಲ. ಹೊರಗಿನಿಂದ ಇವು ಒಂದೇ ಥರ ಕಾಣುತ್ತವೆ, ಔಷಧ ಮಾತ್ರ ಬೇರೆ ಬೇರೆ. ಒಂದಕ್ಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಭಾರಿ ಔಷಧ ತಕ್ಷಣ ಬೇಕು. ಇನ್ನೊಂದಕ್ಕೆ ಅದೇ ಔಷಧ ಕೊಟ್ಟರೆ ಲಾಭ ಕಡಿಮೆ, ಸೋಂಕು ಮಾತ್ರ ಗ್ಯಾರಂಟಿ ಅನ್ನುವ ಸ್ಥಿತಿ. ಬಯಾಪ್ಸಿ ಬೇಡ ಅಂತ ಹಟ ಹಿಡಿದು, ಎಲ್ಲೋ ಊಹೆಯ ಮೇಲೆ ಆರು ತಿಂಗಳು ಸ್ಟೀರಾಯ್ಡ್ ನುಂಗಿ, ಶುಗರ್ ಬರಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಆ ದಾರಿ ಸೂಜಿಗಿಂತ ಅಪಾಯದ್ದು.

ಬಯಾಪ್ಸಿ ಇಲ್ಲದೆ ನಡೆಯುವ ಸಂದರ್ಭಗಳೂ ಇವೆ, ಅದನ್ನೂ ಹೇಳಬೇಕು. ಸಣ್ಣ ಮಗುವಿಗೆ ಇದ್ದಕ್ಕಿದ್ದಂತೆ ಮೈ ಊದಿ ಪ್ರೋಟೀನ್ ಹೋಗತೊಡಗಿದರೆ ಮೊದಲು ಸ್ಟೀರಾಯ್ಡ್ ಕೊಟ್ಟು ನೋಡುತ್ತೇವೆ. ಹೆಚ್ಚಿನ ಮಕ್ಕಳಿಗೆ ಅದರಲ್ಲೇ ಕಡಿಮೆಯಾಗುತ್ತದೆ. ಹತ್ತಾರು ವರ್ಷದಿಂದ ಶುಗರ್ ಇದ್ದು, ಕಣ್ಣಿನ ಪರದೆಗೂ ತೊಂದರೆಯಾಗಿ, ಪ್ರೋಟೀನ್ ನಿಧಾನಕ್ಕೆ ಏರುತ್ತಾ ಬಂದಿದ್ದರೆ ಅದು ಶುಗರ್‌ನಿಂದಲೇ ಅಂತ ಬಹುತೇಕ ಖಚಿತ. ಮೆಂಬ್ರೇನಸ್ ಕಾಯಿಲೆಯಲ್ಲಿ ಪಿಎಲ್‌ಎ2ಆರ್ ಅನ್ನುವ ಪ್ರತಿಕಾಯ ರಕ್ತದಲ್ಲಿ ಸಿಕ್ಕಿದರೆ, ಕಿಡ್ನಿ ಕೆಲಸ ಚೆನ್ನಾಗಿದ್ದವರಿಗೆ ಈಗ ಬಯಾಪ್ಸಿ ಬಿಡುವುದುಂಟು. ಐಜಿಎ ನೆಫ್ರೋಪಥಿಗೆ ಅಂಥ ನಂಬಬಹುದಾದ ರಕ್ತಪರೀಕ್ಷೆ ಇನ್ನೂ ಬಳಕೆಗೆ ಬಂದಿಲ್ಲ. ರಕ್ತದಲ್ಲಿ ಐಜಿಎ ಜಾಸ್ತಿ ಇದ್ದವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ, ಕಾಯಿಲೆ ಇದ್ದವರಿಗೆಲ್ಲ ಅದು ಜಾಸ್ತಿ ಇರುವುದೂ ಇಲ್ಲ. ಹಾಗಾಗಿ ನಿಮ್ಮ ತಮ್ಮನ ಕಾಯಿಲೆಗೆ ಹೆಸರು ಸಿಗಬೇಕಾದರೆ ಬಯಾಪ್ಸಿಯೇ ದಾರಿಯಾಗಿತ್ತು. ನೀವು ಸಹಿ ಹಾಕಿದ್ದು ಸರಿ.

ಅವತ್ತು ಒಳಗೆ ಏನು ನಡೆಯಿತು ಅಂತ ನಿಮಗೆ ಯಾರೂ ವಿವರವಾಗಿ ಹೇಳಿರಲಿಕ್ಕಿಲ್ಲ. ಬಾಗಿಲಾಚೆ ಕೂತವರಿಗೆ ಅದೇ ದೊಡ್ಡ ಕಷ್ಟ.

ಬಯಾಪ್ಸಿಗೆ ಮುಂಚೆ ಬಿಪಿ ಇಳಿಸಿದ್ದಕ್ಕೆ ಕಾರಣವಿದೆ. ಬಿಪಿ ಏರಿದ್ದಾಗ ಚುಚ್ಚಿದರೆ ರಕ್ತ ನಿಲ್ಲುವುದು ಕಷ್ಟ. ಸಾಮಾನ್ಯವಾಗಿ 140/90ಕ್ಕಿಂತ ಕೆಳಗೆ ಬರುವ ತನಕ ಕಾಯುತ್ತೇವೆ. ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಪ್ಲೇಟ್‌ಲೆಟ್, ಹಿಮೋಗ್ಲೋಬಿನ್ ನೋಡುತ್ತೇವೆ. ಮೂತ್ರದಲ್ಲಿ ಸೋಂಕಿದ್ದರೆ ಅದು ವಾಸಿಯಾಗಬೇಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಥರದ ರಕ್ತ ತೆಳು ಮಾಡುವ ಮಾತ್ರೆಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿದವರು ಮಾತ್ರ ಅವನ್ನು ತಾವಾಗಿ ನಿಲ್ಲಿಸಬಾರದು. ಹೃದಯದ ಡಾಕ್ಟರನ್ನು ಕೇಳಿಯೇ ತೀರ್ಮಾನಿಸಬೇಕು.

ರೋಗಿಯನ್ನು ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ಒಂದು ದಿಂಬು ಇಡುತ್ತೇವೆ. ಹಾಗೆ ಮಾಡಿದರೆ ಕಿಡ್ನಿ ಬೆನ್ನಿನ ಕಡೆಗೆ ಒತ್ತಿಕೊಂಡು ಅಲುಗಾಡುವುದು ಕಡಿಮೆಯಾಗುತ್ತದೆ. ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಹೆಚ್ಚಾಗಿ ಎಡ ಕಿಡ್ನಿಯ ಕೆಳತುದಿಯನ್ನು ಆರಿಸುತ್ತೇವೆ. ದೊಡ್ಡ ರಕ್ತನಾಳಗಳು ಅಲ್ಲಿಂದ ದೂರ. ಚರ್ಮದಿಂದ ಕಿಡ್ನಿಯ ತನಕ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೇವೆ. ಸ್ವಲ್ಪ ಉರಿಯುವುದು ಅದೊಂದೇ. ಪೂರ್ತಿ ಅರಿವಳಿಕೆ ಕೊಡುವುದಿಲ್ಲ. "ಉಸಿರು ಹಿಡಿಯಿರಿ" ಅಂದಾಗ ರೋಗಿ ಹಿಡಿಯಬೇಕು, ಯಾಕಂದರೆ ನಾವು ಉಸಿರಾಡಿದಂತೆಲ್ಲ ಕಿಡ್ನಿ ಮೇಲೆ ಕೆಳಗೆ ಹೋಗುತ್ತಿರುತ್ತದೆ. ಸೂಜಿಯೊಳಗೆ ಒಂದು ಸ್ಪ್ರಿಂಗ್ ಇದೆ. ಒತ್ತಿದ ಕೂಡಲೇ ಟಕ್ ಅಂತ ಸದ್ದು ಬರುತ್ತದೆ. ಎಷ್ಟೋ ಜನ ನೋವಿಗಿಂತ ಆ ಸದ್ದಿಗೇ ಬೆಚ್ಚುತ್ತಾರೆ, ಹಾಗಾಗಿ ನಾನು ಅದನ್ನು ಮೊದಲೇ ಕೇಳಿಸಿಬಿಡುತ್ತೇನೆ. ಹೊರಬರುವ ಚೂರು ಶಾವಿಗೆ ಎಳೆಯಷ್ಟು ಸಣ್ಣದು. ಸುಮಾರು ಒಂದು ಮಿಲಿಮೀಟರ್ ದಪ್ಪ, ಒಂದರಿಂದ ಎರಡು ಸೆಂಟಿಮೀಟರ್ ಉದ್ದ. ಸಾಮಾನ್ಯವಾಗಿ ಎರಡು ಎಳೆ ತೆಗೆಯುತ್ತೇವೆ. ಎರಡೂ ಸೇರಿದರೂ ಒಂದು ಗ್ರಾಮಿನ ಸಣ್ಣ ಪಾಲು. ಕಿಡ್ನಿಯ ತೂಕ ಸುಮಾರು 150 ಗ್ರಾಂ. ಇಷ್ಟು ತೆಗೆದದ್ದರಿಂದ ಕಿಡ್ನಿಯ ಕೆಲಸ ಕಡಿಮೆಯಾಗುವುದಿಲ್ಲ.

ಬೋರಲು ಮಲಗಿಸುವ ಈ ಪದ್ಧತಿ ಹೊಸದೇನೂ ಅಲ್ಲ. ಸೂಜಿಯಿಂದ ಕಿಡ್ನಿಯ ಚೂರು ತೆಗೆಯುವುದನ್ನು ಕೋಪನ್‌ಹೇಗನ್ನಿನ ಇವರ್ಸನ್ ಮತ್ತು ಬ್ರುನ್ 1951ರಲ್ಲಿ ಪ್ರಕಟಿಸಿದರು. ಆಗ ರೋಗಿಯನ್ನು ಕೂರಿಸಿ ಮಾಡುತ್ತಿದ್ದರು, ಎಷ್ಟೋ ಸಲ ಚೂರೇ ಸಿಗುತ್ತಿರಲಿಲ್ಲ. 1954ರಲ್ಲಿ ಷಿಕಾಗೋದ ಕಾರ್ಕ್ ಮತ್ತು ಮ್ಯೂರ್ಕಿ ಬೋರಲು ಮಲಗಿಸುವುದನ್ನು ತಂದ ಮೇಲೆ ಕೈಗೂಡಿತು. ಆ ಕಾಲಕ್ಕೆ ಇಲ್ಲದೆ ಈಗ ನಮಗಿರುವುದು ಅಲ್ಟ್ರಾಸೌಂಡ್ ಮತ್ತು ಸ್ಪ್ರಿಂಗಿನ ಸೂಜಿ.

ಆಮೇಲೆ ಆರೇಳು ಗಂಟೆ ಅಂಗಾತ ಮಲಗಿಸುತ್ತೇವೆ. ಚುಚ್ಚಿದ ಜಾಗದ ಮೇಲೆ ಮೈಭಾರವೇ ಒತ್ತುತ್ತದೆ. ನಾಡಿ, ಬಿಪಿ ಪದೇ ಪದೇ ನೋಡುತ್ತೇವೆ. ಪ್ರತಿ ಸಲ ಹೋದ ಮೂತ್ರವನ್ನು ಬೇರೆ ಬೇರೆ ಬಾಟಲಿಯಲ್ಲಿ ಸಾಲಾಗಿ ಇಡಿಸುತ್ತೇವೆ. ಬಣ್ಣ ಒಂದರಿಂದ ಒಂದಕ್ಕೆ ತಿಳಿಯಾಗುತ್ತಿದೆಯೋ, ಗಾಢವಾಗುತ್ತಿದೆಯೋ ಅಂತ ಅದರಲ್ಲಿ ಕಾಣುತ್ತದೆ. ನಿಮ್ಮ ತಮ್ಮನ ಮೂತ್ರ ರಾತ್ರಿ ಕೆಂಪಗಾಗಿ ಬೆಳಿಗ್ಗೆ ತಿಳಿಯಾಯಿತು ಅಂದರೆ ಸಣ್ಣ ನಾಳವೊಂದು ಸೋರಿ, ತಾನೇ ಮುಚ್ಚಿಕೊಂಡಿದೆ. ಕಣ್ಣಿಗೆ ಕಾಣುವಷ್ಟು ಕೆಂಪು ನೂರರಲ್ಲಿ ಮೂರು ನಾಲ್ಕು ಜನಕ್ಕೆ ಬರುತ್ತದೆ. ರಕ್ತ ಕೊಡಬೇಕಾದ ಸ್ಥಿತಿ ನೂರಕ್ಕೆ ಸುಮಾರು ಒಬ್ಬರಿಗೆ. ಸೋರುವ ನಾಳವನ್ನು ಒಳಗಿಂದಲೇ ಕಟ್ಟಬೇಕಾಗುವುದು ಅದಕ್ಕಿಂತಲೂ ಕಡಿಮೆ. ಕಿಡ್ನಿ ತೆಗೆಯಬೇಕಾದದ್ದು, ಪ್ರಾಣಕ್ಕೆ ಅಪಾಯವಾದದ್ದು ಹತ್ತು ಸಾವಿರಕ್ಕೆ ಒಂದೆರಡರ ಲೆಕ್ಕದಲ್ಲಿ ವರದಿಯಾಗಿದೆ. ತುಂಬಾ ಅಪರೂಪ, ಆದರೆ ಸೊನ್ನೆ ಅಲ್ಲ. ಸಹಿ ಹಾಕಿಸಿಕೊಳ್ಳುವುದು ಅದಕ್ಕೇ.

ಬೆಳಿಗ್ಗೆ ಬಯಾಪ್ಸಿ ಮಾಡಿ ಸಂಜೆಗೇ ಮನೆಗೆ ಕಳಿಸುವ ಕಡೆಗಳೂ ಇವೆ. ನನಗೆ ಅದು ಅಷ್ಟು ಇಷ್ಟವಿಲ್ಲ, ಅದರಲ್ಲೂ ರೋಗಿಯ ಮನೆ ಆಸ್ಪತ್ರೆಯಿಂದ ಎರಡು ಮೂರು ಗಂಟೆಯ ಘಟ್ಟದ ದಾರಿಯಾಚೆ ಇದ್ದಾಗ. ರಕ್ತಸ್ರಾವದ ತೊಂದರೆಗಳಲ್ಲಿ ಒಂದು ಪಾಲು ಎಂಟು ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಒಂದು ರಾತ್ರಿ ಇರಿಸಿಕೊಂಡರೆ ಹೆಚ್ಚಿನವು ಆಸ್ಪತ್ರೆಯಲ್ಲೇ ಸಿಕ್ಕಿಬೀಳುತ್ತವೆ. ಮನೆಗೆ ಹೋದ ಮೇಲೂ ಒಂದೆರಡು ವಾರ ಭಾರ ಎತ್ತಬಾರದು, ಕೆಟ್ಟ ರಸ್ತೆಯಲ್ಲಿ ಬೈಕ್ ಓಡಿಸಬಾರದು.

ಈಗ ಚೂರಿನ ಕಥೆ. ಅದನ್ನು ಸಾಮಾನ್ಯವಾಗಿ ಎರಡು ಮೂರು ಪಾಲು ಮಾಡುತ್ತಾರೆ. ಒಂದು ಪಾಲು ಫಾರ್ಮಲಿನ್‌ಗೆ. ಅದನ್ನು ಮೇಣದಲ್ಲಿ ಕೂರಿಸಿ, ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು ತೆಳುವಾಗಿ ಕತ್ತರಿಸಿ, ಬೇರೆ ಬೇರೆ ಬಣ್ಣ ಹಾಕಿ ನೋಡುತ್ತಾರೆ. ಇನ್ನೊಂದು ಪಾಲನ್ನು ಫಾರ್ಮಲಿನ್‌ಗೆ ತಾಗಿಸದೆ, ಮೈಕೆಲ್ಸ್ ದ್ರಾವಣದಲ್ಲೋ ತಣ್ಣಗಿನ ಸಲೈನ್‌ನಲ್ಲೋ ಕಳಿಸುತ್ತಾರೆ. ಇದು ಇಮ್ಯುನೋಫ್ಲೋರೆಸೆನ್ಸ್ ಅನ್ನುವ ಪರೀಕ್ಷೆಗೆ. ಗೊಂಚಲಿನಲ್ಲಿ ಯಾವ ಪ್ರತಿಕಾಯ ಬಂದು ಕೂತಿದೆ ಅಂತ ಇದರಲ್ಲಿ ಹಸಿರಾಗಿ ಹೊಳೆಯುತ್ತದೆ. ಯಾರೋ ಗೊತ್ತಿಲ್ಲದೆ ಎಲ್ಲ ಚೂರನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಈ ಪರೀಕ್ಷೆ ಸರಿಯಾಗಿ ಆಗುವುದಿಲ್ಲ. ಐಜಿಎ ಕಾಯಿಲೆಗಂತೂ ಇದೇ ಆಧಾರ. ಪ್ಯಾರಿಸ್ಸಿನಲ್ಲಿ 1968ರಲ್ಲಿ ಬರ್ಜೆ ಮತ್ತು ಹಿಂಗ್ಲೆ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದೂ ಈ ಹೊಳಪನ್ನು ನೋಡಿಯೇ. ಮೂರನೆಯ ಪಾಲು ಇಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ. ಇದು ಎಲ್ಲರಿಗೂ ಬೇಕಾಗುವುದಿಲ್ಲ, ಎಲ್ಲ ಕಡೆ ಸಿಗುವುದೂ ಇಲ್ಲ. ನಿಮ್ಮ ತಮ್ಮನಿಗೆ ಅದು ಇಲ್ಲದೆಯೂ ಕಾಯಿಲೆ ಖಚಿತವಾಗಿದೆ.

ಈಗ ರಿಪೋರ್ಟನ್ನು ಎದುರಿಗೆ ಇಟ್ಟುಕೊಳ್ಳಿ. ನಾನು ಮೊದಲು ನೋಡುವುದು ಕಾಯಿಲೆಯ ಹೆಸರನ್ನಲ್ಲ, ಎಷ್ಟು ಗೊಂಚಲು ಸಿಕ್ಕಿವೆ ಅನ್ನುವುದನ್ನು. 14 ಸಿಕ್ಕಿವೆ. ಐಜಿಎ ಕಾಯಿಲೆಗೆ M1 E0 ಥರದ ಅಂಕ ಕೊಡಬೇಕಾದರೆ ಕನಿಷ್ಠ 8 ಬೇಕು ಅನ್ನುವ ನಿಯಮವಿದೆ, ಹಾಗಾಗಿ ಸಾಕು. ಹತ್ತು ಲಕ್ಷದಲ್ಲಿ 14 ನೋಡಿ ಹೇಗೆ ಹೇಳುತ್ತೀರಿ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಐಜಿಎ ಬಂದು ಕೂರುವುದು ಎಲ್ಲ ಗೊಂಚಲುಗಳಲ್ಲೂ ಹೆಚ್ಚುಕಡಿಮೆ ಒಂದೇ ರೀತಿ, ಅದಕ್ಕೇ ಕಾಯಿಲೆಯ ಹೆಸರು ತಪ್ಪುವುದಿಲ್ಲ. ಆದರೆ ಕಲೆ ಒಂದೇ ಸಮ ಹರಡಿರುವುದಿಲ್ಲ. 14ರಲ್ಲಿ 3 ಅಂದರೆ ಇಡೀ ಕಿಡ್ನಿಯಲ್ಲಿ ಕರಾರುವಾಕ್ಕಾಗಿ ಶೇಕಡಾ 21 ಹೋಗಿದೆ ಅಂತ ಲೆಕ್ಕ ಹಾಕಬೇಡಿ. ಸೂಜಿ ಎರಡು ಮಿಲಿಮೀಟರ್ ಆಚೆ ಹೋಗಿದ್ದರೆ 2 ಅಂತಲೋ 5 ಅಂತಲೋ ಬರುತ್ತಿತ್ತು.

ಇಮ್ಯುನೋಫ್ಲೋರೆಸೆನ್ಸ್ ಅನ್ನುವ ಭಾಗದಲ್ಲಿ ಐಜಿಎ ಮುಂದೆ 2+ ಅಥವಾ 3+ ಅಂತ ಇರಬೇಕು, ಪಕ್ಕದಲ್ಲಿ ಸಿ3 ಅನ್ನುವ ಇನ್ನೊಂದು ರೋಗನಿರೋಧಕ ಪ್ರೋಟೀನ್ ಕೂಡ ಇರಬಹುದು. ಆ ಪ್ಲಸ್ಸುಗಳು ಹೊಳಪಿನ ಅಳತೆ, ಕಾಯಿಲೆಯ ಜೋರಿನ ಅಳತೆ ಅಲ್ಲ. 3+ ನೋಡಿ ಮೂರನೇ ಸ್ಟೇಜ್ ಅಂತ ಹೆದರಿದವರಿದ್ದಾರೆ. ಐಜಿಎ ಅನ್ನುವುದು ಗಂಟಲು, ಕರುಳಿನ ಒಳಪದರವನ್ನು ಕಾಯುವ ಪ್ರತಿಕಾಯ, ನಮ್ಮೆಲ್ಲರಲ್ಲೂ ಇದೆ. ಈ ಕಾಯಿಲೆಯವರಲ್ಲಿ ಅದರ ಒಂದು ಬಗೆಗೆ ಸಕ್ಕರೆಯ ಕೊಂಡಿ ಸರಿಯಾಗಿ ಸೇರಿರುವುದಿಲ್ಲ. ದೇಹ ಅದನ್ನು ಪರಕೀಯ ಅಂದುಕೊಂಡು ಇನ್ನೊಂದು ಪ್ರತಿಕಾಯ ತಯಾರಿಸುತ್ತದೆ. ಎರಡೂ ಅಂಟಿಕೊಂಡು ಗೊಂಚಲಿನ ನಡುವೆ ಕೂತು ಉರಿಯೂತ ಎಬ್ಬಿಸುತ್ತವೆ. ಕೆಲವರಿಗೆ ಗಂಟಲು ನೋವು ಬಂದ ಬೆನ್ನಿಗೇ ಮೂತ್ರ ಕೋಲಾ ಬಣ್ಣಕ್ಕೆ ತಿರುಗುವುದು ಇದರಿಂದ. ತಿಂದ ಸಕ್ಕರೆಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು M1 E0 S1 T1 C0. ಇದಕ್ಕೆ ಆಕ್ಸ್‌ಫರ್ಡ್ ವರ್ಗೀಕರಣ ಅಂತ ಹೆಸರು. ಈ ಐದನ್ನು ನಾನು ಎರಡು ಗುಂಪಾಗಿ ಓದುತ್ತೇನೆ. ಈಗಲೂ ನಡೆಯುತ್ತಿರುವ ಉರಿಯೂತ ಒಂದು, ಆಗಿಹೋದ ಕಲೆ ಇನ್ನೊಂದು.

ಉರಿಯೂತದ ಗುಂಪಿನಲ್ಲಿ ಎಂ, ಇ, ಸಿ ಬರುತ್ತವೆ. M1 ಅಂದರೆ ಅರ್ಧಕ್ಕಿಂತ ಹೆಚ್ಚು ಗೊಂಚಲುಗಳ ನಡುಭಾಗದಲ್ಲಿ ಜೀವಕೋಶಗಳು ಜಾಸ್ತಿಯಾಗಿವೆ. E0 ಅಂದರೆ ಗೊಂಚಲಿನ ಸಣ್ಣ ನಾಳಗಳ ಒಳಗೆ ಜೀವಕೋಶ ತುಂಬಿಕೊಂಡಿಲ್ಲ. C0 ಅಂದರೆ ಕ್ರೆಸೆಂಟ್ ಇಲ್ಲ. ಕ್ರೆಸೆಂಟ್ ಅಂದರೆ ಗೊಂಚಲು ಒಡೆದು, ಅದರ ಸುತ್ತ ಅರ್ಧಚಂದ್ರದ ಹಾಗೆ ಜೀವಕೋಶಗಳು ಮುತ್ತಿಕೊಳ್ಳುವುದು. ತುಂಬಾ ಗೊಂಚಲುಗಳಲ್ಲಿ ಅದಿದ್ದು, ಕ್ರಿಯಾಟಿನಿನ್ ವಾರದಿಂದ ವಾರಕ್ಕೆ ಏರುತ್ತಿದ್ದರೆ ಕಿಡ್ನಿ ಬೇಗ ಕೆಡುತ್ತದೆ, ನಾವು ಅದೇ ವಾರ ಔಷಧ ಶುರು ಮಾಡುತ್ತೇವೆ. ನಿಮ್ಮ ತಮ್ಮನಿಗೆ ಅದು ಇಲ್ಲ. ಈ ರಿಪೋರ್ಟಿನಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟ ಅಕ್ಷರ ಅದೇ.

ಕಲೆಯ ಗುಂಪಿನಲ್ಲಿ ಎಸ್ ಮತ್ತು ಟಿ. S1 ಅಂದರೆ ಕೆಲವು ಗೊಂಚಲುಗಳ ಒಂದೊಂದು ಭಾಗದಲ್ಲಿ ಕಲೆ ಇದೆ, ಉಳಿದ ಭಾಗ ಕೆಲಸ ಮಾಡುತ್ತಿದೆ. T1 ಅಂದರೆ ಗೊಂಚಲುಗಳಿಂದ ಮೂತ್ರ ಒಯ್ಯುವ ನಳಿಗೆಗಳು ಸಿಕ್ಕಿದ ಚೂರಿನ ಶೇಕಡಾ 26ರಿಂದ 50ರಷ್ಟು ಭಾಗದಲ್ಲಿ ಸವೆದು, ಸುತ್ತ ನಾರು ಬೆಳೆದಿದೆ. ಸರಿಯಾದ ಅಂಕಿ ರಿಪೋರ್ಟಿನ ಒಳಪುಟದಲ್ಲಿ ಇರುತ್ತದೆ, ಹುಡುಕಿ. 30 ಇದ್ದರೂ T1, 50 ಇದ್ದರೂ T1, ಆದರೆ ಎರಡೂ ಒಂದೇ ಅಲ್ಲ. ಮುಂದೆ ಕಿಡ್ನಿ ಎಷ್ಟು ಕಾಲ ನಡೆಯುತ್ತದೆ ಅನ್ನುವುದನ್ನು ಈ ಐದರಲ್ಲಿ ಹೆಚ್ಚು ಗಟ್ಟಿಯಾಗಿ ಹೇಳುವುದು ಟಿ. ಕಲೆಯಾದ ಜಾಗವನ್ನು ವಾಪಸ್ ತರುವ ಔಷಧ ಇಲ್ಲ. ಅಲೋಪತಿಯಲ್ಲಿ ಇಲ್ಲ, ನಾಟಿ ಔಷಧದಲ್ಲೂ ಇಲ್ಲ. ತರುತ್ತೇವೆ ಅಂದವರನ್ನು ನಂಬಿ ಭಸ್ಮ, ಕಷಾಯ ಅಂತ ಹೋಗಬೇಡಿ. ಅವುಗಳಲ್ಲಿ ಕೆಲವು ಉಳಿದ ನಳಿಗೆಗಳಿಗೂ ವಿಷ.

ಎಲ್ಲ ಕೂಡಿಸಿ ಓದಿದರೆ, ಕಾಯಿಲೆ ಶುರುವಾಗಿ ಬಹಳ ಕಾಲವಾಗಿದೆ. ಸ್ವಲ್ಪ ಕಿಡ್ನಿ ಹೋಗಿದೆ, ಬಹುಭಾಗ ಉಳಿದಿದೆ. ಈಗ ಒಳಗೆ ಧಗಧಗ ಉರಿಯುತ್ತಿಲ್ಲ, ಆದರೆ ಪೂರ್ತಿ ಆರಿಯೂ ಇಲ್ಲ.

ಮುಂದಿನ ದಾರಿ ನಿಮ್ಮ ಡಾಕ್ಟರು ಈಗಾಗಲೇ ಹಿಡಿದಿದ್ದಾರೆ. ರಾಮಿಪ್ರಿಲ್ ಪ್ರಮಾಣವನ್ನು ನಿಧಾನಕ್ಕೆ ಏರಿಸಿ, ಬಿಪಿಯನ್ನು 120ರ ಹತ್ತಿರ ತಂದು, ಪ್ರೋಟೀನ್ ಎಷ್ಟು ಇಳಿಯುತ್ತದೆ ಅಂತ ನೋಡುವುದು. ಡಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆ ಶುಗರ್ ಇಲ್ಲದವರಲ್ಲೂ ಕಿಡ್ನಿ ಕೆಡುವುದನ್ನು ನಿಧಾನ ಮಾಡುತ್ತದೆ. ಸೇರಿಸಬಹುದಾ ಅಂತ ಅವರನ್ನು ಕೇಳಿ. ಅದರಿಂದ ಗುಪ್ತಾಂಗದಲ್ಲಿ ಬೂಸು ಸೋಂಕು ಬರಬಹುದು. ಉಪವಾಸವಿದ್ದಾಗ, ವಾಂತಿ ಭೇದಿಯಾದಾಗ ಅದನ್ನೂ ರಾಮಿಪ್ರಿಲನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು. ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗೆ ಇರಲಿ, ಅಡುಗೆಯದ್ದೂ ಉಪ್ಪಿನಕಾಯಿಯದ್ದೂ ಸೇರಿ. ಮಲೆನಾಡಿನ ಊಟದಲ್ಲಿ ಅಪ್ಪೆಮಿಡಿ ಬಿಡುವುದು ಕಷ್ಟ ಅಂತ ನನಗೆ ಗೊತ್ತು. ಆದರೆ ಉಪ್ಪು ಜಾಸ್ತಿಯಾದರೆ ರಾಮಿಪ್ರಿಲ್ ಪ್ರೋಟೀನ್ ಇಳಿಸುವ ಕೆಲಸವನ್ನೇ ಸರಿಯಾಗಿ ಮಾಡುವುದಿಲ್ಲ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗುವುದು ಇನ್ನು ಬೇಡ.

ಮೂರು ತಿಂಗಳ ನಂತರವೂ ಪ್ರೋಟೀನ್ ಒಂದು ಗ್ರಾಮಿಗಿಂತ ಮೇಲೇ ಇದ್ದರೆ ಸ್ಟೀರಾಯ್ಡ್ ಮಾತು ಬರುತ್ತದೆ. ಅಲ್ಲಿ ತೂಗಿ ನೋಡಬೇಕು. ಚೀನಾ, ಭಾರತ ಮುಂತಾದ ದೇಶಗಳಲ್ಲಿ ನಡೆದ ಟೆಸ್ಟಿಂಗ್ ಅನ್ನುವ ಅಧ್ಯಯನದಲ್ಲಿ ಸ್ಟೀರಾಯ್ಡ್ ಕಿಡ್ನಿ ಕೆಡುವುದನ್ನು ತಗ್ಗಿಸಿತು. ಆದರೆ ಪೂರ್ತಿ ಪ್ರಮಾಣ ಕೊಟ್ಟಾಗ ಗಂಭೀರ ಸೋಂಕುಗಳು ಬಂದು, ನಡುವೆಯೇ ಪ್ರಮಾಣ ಇಳಿಸಿ, ನ್ಯುಮೋನಿಯಾ ತಡೆಯುವ ಮಾತ್ರೆಯನ್ನೂ ಸೇರಿಸಬೇಕಾಯಿತು. ನಮ್ಮಲ್ಲಿ ಟಿಬಿ ಜಾಸ್ತಿ. ಕೊಡುವ ಮುಂಚೆ ಟಿಬಿ, ಹೆಪಟೈಟಿಸ್ ಬಿ, ಶುಗರ್ ಮೂರನ್ನೂ ನೋಡಲೇಬೇಕು. ಉರಿಯೂತ ಇರುವಲ್ಲಿ ಸ್ಟೀರಾಯ್ಡ್ ಕೆಲಸ ಮಾಡೀತು, ಕಲೆಯ ಮೇಲೆ ಅದು ಏನೂ ಮಾಡುವುದಿಲ್ಲ. ಟಿ ಅಂಕಿ 50ರ ಹತ್ತಿರ ಇದ್ದರೆ ನಾನು ಹಿಂದೇಟು ಹಾಕುತ್ತೇನೆ. 30ರ ಹತ್ತಿರ ಇದ್ದು ಪ್ರೋಟೀನ್ ಇಳಿಯದಿದ್ದರೆ ನಿಮ್ಮ ತಮ್ಮನ ವಯಸ್ಸಿಗೆ ಕೊಡುವ ಕಡೆ ವಾಲುತ್ತೇನೆ. ಬರೀ ಈ ಐದು ಅಕ್ಷರ ನೋಡಿ ಯಾರೂ ಸ್ಟೀರಾಯ್ಡ್ ಬರೆಯಬಾರದು. ಪ್ರೋಟೀನ್, ಬಿಪಿ, ಕ್ರಿಯಾಟಿನಿನ್ ಹೋಗುವ ದಿಕ್ಕು, ಎಲ್ಲ ಸೇರಿಸಿ ನೋಡಬೇಕು.

ಕೊನೆಗೊಂದು ಉಪಯೋಗದ ಮಾತು. ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳು ಲ್ಯಾಬಿನಲ್ಲೇ ಇರುತ್ತವೆ. ಬೇರೆ ಡಾಕ್ಟರ ಅಭಿಪ್ರಾಯ ಬೇಕು ಅನಿಸಿದರೆ ಅರ್ಜಿ ಕೊಟ್ಟು ಅವನ್ನೇ ಪಡೆದು ತೋರಿಸಿ. ಅದಕ್ಕಾಗಿ ಮತ್ತೆ ಚುಚ್ಚಿಸಿಕೊಳ್ಳಬೇಕಿಲ್ಲ. ರಿಪೋರ್ಟಿನ ಎಲ್ಲ ಪುಟಗಳ ಪ್ರತಿಯೂ ನಿಮ್ಮ ಹತ್ತಿರ ಇರಲಿ, ಬರೀ ಕೊನೆಯ ಸಾಲು ಸಾಲದು. ಎರಡನೇ ಬಯಾಪ್ಸಿ ಬೇಕಾಗಬಹುದಾದದ್ದು ಕ್ರಿಯಾಟಿನಿನ್ ಕಾರಣ ತಿಳಿಯದೆ ಬೇಗ ಏರತೊಡಗಿದರೆ, ಅಥವಾ ಪ್ರೋಟೀನ್ ಇದ್ದಕ್ಕಿದ್ದಂತೆ ಹಲವು ಪಟ್ಟು ಹೆಚ್ಚಿದರೆ. ಈಗಂತೂ ಬೇಡ. ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ನೋಡಿಸಿ. 1.7ರ ಆಸುಪಾಸಿನಲ್ಲೇ ನಿಂತಿದ್ದರೆ ಅದು ಮಾತ್ರೆಯ ಪರಿಣಾಮ. 2 ದಾಟಿದ್ದರೆ ಕಾಯದೆ ಹೋಗಿ ತೋರಿಸಿ.